ಕತ್ತರಿಸಿ ಹಾಕಿದ್ದು ಒಂದು ಕೆಲಸವೋ ಎರಡೋ?

ಕನ್ನಡದಲ್ಲಿ ಎರಡು ಕ್ರಿಯಾಪದಗಳು ಒಂದರ ಹಿಂದೊಂದು ಬಂದ ಮಾತ್ರಕ್ಕೆ ಎರಡು ಕೆಲಸ ನಡೆದಿದೆ ಎಂದರ್ಥವಲ್ಲ. ‘ಅಮ್ಮ ಸಾರಿಗೆ ಬದನೆಕಾಯಿ ಕತ್ತರಿಸಿ ಹಾಕಿದಳು’ ಎಂಬಲ್ಲಿ ಕತ್ತರಿಸಿದ್ದು ಒಂದು ಕೆಲಸ, ಹಾಕಿದ್ದು ಇನ್ನೊಂದು. ಇದು ಸರಣಿ ಕ್ರಿಯಾಪದ. ‘ಇಲಿ ಬಟ್ಟೆಯನ್ನೆಲ್ಲ ಕತ್ತರಿಸಿ ಹಾಕಿತು’ ಎಂಬಲ್ಲಿ ಇಲಿ ಯಾವುದನ್ನೂ ಎಲ್ಲಿಗೂ ಹಾಕಿಲ್ಲ. ‘ಹಾಕು’ ತನ್ನ ಮೂಲಾರ್ಥ ಬಿಟ್ಟು, ಕೆಲಸ ಪೂರ್ತಿ ಮುಗಿದು ವಸ್ತು ಹಾಳಾಯಿತೆಂದು ಸೂಚಿಸುತ್ತದೆ. ಇದು ಸಂಯುಕ್ತ ಕ್ರಿಯಾಪದ. ಇಲ್ಲಿನ ‘ಹಾಕು’ ಹಗುರ ಕ್ರಿಯಾಪದ.

ಇಂಥ ಹಗುರ ಕ್ರಿಯಾಪದಗಳು ಇನ್ನೂ ಇವೆ. ‘ಹೇಳಿಬಿಟ್ಟ’ ಎಂದಾಗ ‘ಬಿಡು’ ಇನ್ನು ಹಿಂದಕ್ಕೆ ಪಡೆಯಲಾಗದಂತೆ ಕೆಲಸ ಮುಗಿದದ್ದನ್ನು ತಿಳಿಸುತ್ತದೆ. ‘ಮರೆತುಹೋಯಿತು’ ಎಂಬಲ್ಲಿ ‘ಹೋಗು’ ಬೇಕೆಂದು ಮಾಡಿದ್ದಲ್ಲ ಎಂಬ ಭಾವ ತರುತ್ತದೆ. ‘ಬರೆದುಕೊಂಡ’ ಎಂಬಲ್ಲಿ ‘ಕೊಳ್ಳು’ ತನಗಾಗಿ ಮಾಡಿದ್ದನ್ನು ಹೇಳುತ್ತದೆ.

ಎರಡು ಬಗೆಗಳನ್ನು ಬೇರ್ಪಡಿಸಲು ಬರವಣಿಗೆಯ ಅಂತರವನ್ನು ನಂಬುವಂತಿಲ್ಲ. ಒಂದೇ ಪ್ರಯೋಗವನ್ನು ಕೆಲವರು ಕೂಡಿಸಿ, ಕೆಲವರು ಬಿಡಿಸಿ ಬರೆಯುತ್ತಾರೆ. ವಾಕ್ಯವನ್ನೇ ಪರೀಕ್ಷಿಸಬೇಕು.

ಮೊದಲ ಪರೀಕ್ಷೆ, ನಡುವೆ ಒಂದು ಪದ ಸೇರಿಸುವುದು. ‘ಬದನೆಕಾಯಿ ಕತ್ತರಿಸಿ ಪಾತ್ರೆಗೆ ಹಾಕಿದಳು’ ಎಂದರೆ ಅರ್ಥ ಹಾಗೇ ಉಳಿಯುತ್ತದೆ. ‘ಇಲಿ ಬಟ್ಟೆ ಕತ್ತರಿಸಿ ಮೂಲೆಗೆ ಹಾಕಿತು’ ಎಂದರೆ ಹಾಳುಮಾಡಿದ ಅರ್ಥ ಮರೆಯಾಗಿ, ಇಲಿ ನಿಜವಾಗಿಯೂ ಬಟ್ಟೆಯನ್ನು ಮೂಲೆಗೆ ಸಾಗಿಸಿದಂತಾಗುತ್ತದೆ. ಆದರೆ ಇಲ್ಲಿ ಸೇರಿಸುವುದು ಪೂರ್ಣ ಪದವಾಗಿರಬೇಕು. ಒತ್ತು ಕೊಡುವ ‘ಏ’ ಸಂಯುಕ್ತದ ನಡುವೆಯೂ ನುಸುಳುತ್ತದೆ: ‘ಹೇಳಿಯೇ ಬಿಟ್ಟ’.

ಎರಡನೆಯದು ಮೊದಲ ಕ್ರಿಯಾಪದವನ್ನಷ್ಟೇ ನಿಷೇಧಿಸುವುದು. ‘ಬದನೆಕಾಯಿ ಕತ್ತರಿಸದೆ ಹಾಕಿದಳು’ ಸಹಜ ವಾಕ್ಯ. ಕಾಯಿ ಇಡಿಯಾಗಿ ಸಾರಿಗೆ ಬಿತ್ತು. ‘ಇಲಿ ಬಟ್ಟೆ ಕತ್ತರಿಸದೆ ಹಾಕಿತು’ ಎಂದರೆ ಹಾಳುಮಾಡುವ ಅರ್ಥ ನಿಲ್ಲುವುದೇ ಇಲ್ಲ. ‘ಹೇಳಿಬಿಟ್ಟ’ ಎಂಬುದನ್ನು ‘ಹೇಳದೆ ಬಿಟ್ಟ’ ಎಂದು ಬದಲಿಸಿದರೂ ಹೀಗೆಯೇ: ‘ಬಿಡು’ ತನ್ನ ಮೂಲಾರ್ಥಕ್ಕೆ ಮರಳುತ್ತದೆ.

ಮೂರನೆಯದು ಪ್ರಶ್ನೆ. ‘ಕತ್ತರಿಸಿ ಎಲ್ಲಿಗೆ ಹಾಕಿದಳು?’ ಎಂದು ಅಮ್ಮನ ವಿಷಯದಲ್ಲಿ ಕೇಳಬಹುದು, ಇಲಿಯ ವಿಷಯದಲ್ಲಿ ಕೇಳಲಾಗದು.

ಎಲ್ಲ ಪ್ರಯೋಗಗಳೂ ಹೀಗೆ ಸಲೀಸಾಗಿ ಬೇರೆಯಾಗುವುದಿಲ್ಲ. ‘ಅರ್ಜಿ ಬರೆದು ಕೊಟ್ಟ’ ಎಂಬುದಕ್ಕೆ ಬರೆದು ಕೈಗಿತ್ತ ಎಂಬ ಅರ್ಥವೂ ಇದೆ, ಇನ್ನೊಬ್ಬರ ಪರವಾಗಿ ಬರೆದ ಎಂಬ ಅರ್ಥವೂ ಇದೆ. ‘ಬರೆದು ನಾಳೆ ಕೊಡುತ್ತಾನೆ’ ಎಂದರೆ ಮೊದಲನೆಯದು ಗಟ್ಟಿಯಾಗುತ್ತದೆ. ಎರಡನೆಯದರಲ್ಲೂ ‘ಅವಳಿಗೆ’ ಎಂಬ ಪಡೆಯುವವರ ಸ್ಥಾನ ಉಳಿದೇ ಇರುತ್ತದೆ. ಅಂದರೆ ‘ಕೊಡು’ ‘ಬಿಡು’ವಿನಷ್ಟು ಹಗುರವಾಗಿಲ್ಲ. ಆದ್ದರಿಂದ ಒಂದೇ ಪರೀಕ್ಷೆಯಿಂದ ತೀರ್ಮಾನಿಸದೆ, ಮೂರನ್ನೂ ಒಟ್ಟಿಗೆ ನೋಡಬೇಕು.