ನಕ್ಷೆಯ ಅಂಚಿನಲ್ಲಿರುವ ಮನೆ

ಮನೆ, ಹಿತ್ತಲುಗಳ ಸುತ್ತ ಸುಣ್ಣದ ಗೆರೆ ಎಳೆದು, ಮೇಲೆ ಡ್ರೋನ್ ಹಾರಿಸಿ ಅಳತೆ ಮಾಡುವುದನ್ನು ನಮ್ಮ ಎಷ್ಟೋ ಹಳ್ಳಿಗಳು ಈಗ ನೋಡಿವೆ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯ ಮೊದಲ ಹಂತದಲ್ಲೇ ಕರ್ನಾಟಕವೂ ಸೇರಿತ್ತು. ಗ್ರಾಮಠಾಣದ ಆಸ್ತಿಗಳಿಗೆ ಗಡಿ ಗುರುತಿಸುವುದು ಈ ಡ್ರೋನ್ ಚಿತ್ರದ ಆಧಾರದ ಮೇಲೆಯೇ. ಆದರೆ ಪರದೆಯ ಮೇಲೆ ಊರಿಡೀ ಕಾಣುವ ಆ ಚಿತ್ರ ಒಂದೇ ಏಟಿಗೆ ತೆಗೆದ ಫೋಟೋ ಅಲ್ಲ. ನೂರಾರು ಫೋಟೋಗಳನ್ನು ಬೆಸೆದು ಲೆಕ್ಕ ಹಾಕಿ ಕಟ್ಟಿದ್ದು. ಅದಕ್ಕೆ ಆರ್ಥೋಮೊಸಾಯಿಕ್ ಎನ್ನುತ್ತಾರೆ.

ಇದು ಕೌದಿಯ ಹಾಗೆ ತುಂಡಿನ ಪಕ್ಕ ತುಂಡು ಇಟ್ಟು ಹೊಲಿಯುವ ಕೆಲಸವಲ್ಲ. ಇಲ್ಲಿ ಒಂದರ ಮೇಲೊಂದು ಫೋಟೋ ಹಾಸಿಕೊಂಡಿರಬೇಕು. ಹೆಂಚಿನ ಮೂಲೆ, ಹಾಸುಕಲ್ಲು, ಬಾವಿಕಟ್ಟೆಯಂಥ ಗುರುತುಗಳು ಯಾವ ಯಾವ ಫೋಟೋದಲ್ಲಿ ಎಲ್ಲೆಲ್ಲಿ ಬಂದಿವೆ ಎಂದು ಸಾಫ್ಟ್‌ವೇರ್ ಮೊದಲು ಹುಡುಕುತ್ತದೆ. ಅದರಿಂದ ಪ್ರತಿ ಫೋಟೋ ತೆಗೆದಾಗ ಕ್ಯಾಮೆರಾ ಎಲ್ಲಿತ್ತು, ಯಾವ ಕಡೆ ವಾಲಿತ್ತು ಎಂದು ಲೆಕ್ಕ ಹಾಕುತ್ತದೆ. ಆಮೇಲೆ ನೆಲ, ಮಾಡು, ಮರಗಳ ಎತ್ತರ ತಿಳಿದುಕೊಂಡು, ಪ್ರತಿಯೊಂದನ್ನೂ ನೇರ ನೆತ್ತಿಯ ಮೇಲಿನಿಂದ ನೋಡಿದಂತೆ ಅದರದರ ಜಾಗಕ್ಕೆ ತಂದು ಕೂರಿಸುತ್ತದೆ. ಈ ಕೊನೆಯ ಹೆಜ್ಜೆ ಬೇಕೇ ಬೇಕು. ಏಕೆಂದರೆ ಫೋಟೋದಲ್ಲಿ ಎತ್ತರವಿರುವುದೆಲ್ಲ ನಡುವಿನಿಂದ ಹೊರಕ್ಕೆ ವಾಲಿದಂತೆ ಕಾಣುತ್ತದೆ.

ಒಂದು ಲೆಕ್ಕ ನೋಡೋಣ. ಉದ್ದಗಲ 300 ಮೀಟರ್ ಇರುವ ಒಂದು ಊರು. ಡ್ರೋನ್ 100 ಮೀಟರ್ ಎತ್ತರದಲ್ಲಿ ಹಾರುತ್ತದೆ. ಒಂದಿಂಚಿನ ಸೆನ್ಸರ್ ಇರುವ ಇಪ್ಪತ್ತು ಮೆಗಾಪಿಕ್ಸೆಲ್ ಕ್ಯಾಮೆರಾ ಇದ್ದರೆ ಒಂದು ಫೋಟೋದಲ್ಲಿ 150 ಮೀಟರ್ ಅಗಲ, 100 ಮೀಟರ್ ಉದ್ದದ ನೆಲ ಸಿಗುತ್ತದೆ. ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಸುಮಾರು 2.7 ಸೆಂಟಿಮೀಟರ್. ಹಾರುವ ದಿಕ್ಕಿನಲ್ಲಿ ಶೇ. 80, ಪಕ್ಕಕ್ಕೆ ಶೇ. 70 ಓವರ್‌ಲ್ಯಾಪ್ ಇಟ್ಟರೆ 20 ಮೀಟರ್‌ಗೊಂದು ಫೋಟೋ, 45 ಮೀಟರ್‌ಗೊಂದು ಸಾಲು. ಎಂಟು ಸಾಲು, ಸಾಲಿಗೆ ಹದಿನಾರು ಫೋಟೋ, ಒಟ್ಟು 128. ಊರ ನಡುವಿನ ಮನೆಯೊಂದು ಇದರಲ್ಲಿ ಹದಿನೈದರಷ್ಟು ಫೋಟೋಗಳಲ್ಲಿ, ಎಲ್ಲ ದಿಕ್ಕಿನಿಂದಲೂ ಸೆರೆಯಾಗಿರುತ್ತದೆ. ಅಲ್ಲಿ ನಕ್ಷೆ ಚೆನ್ನಾಗಿಯೇ ಬರುತ್ತದೆ.

ತೊಂದರೆ ಬರುವುದು ಅಂಚಿನಲ್ಲಿ. ಹಾರಾಟದ ಗಡಿಯನ್ನು ಊರಿನ ಹಳೆಯ ನಕ್ಷೆ ನೋಡಿ ಗುರುತಿಸಿದ್ದಾರೆ, ಊರು ಅದರಾಚೆಗೂ ಬೆಳೆದಿದೆ ಎಂದುಕೊಳ್ಳಿ. ಕೊನೆಯ ಸಾಲಿನಿಂದ 40 ಮೀಟರ್ ಆಚೆ ಆರು ಮೀಟರ್ ಎತ್ತರದ ಹೊಸ ಮನೆಯೊಂದಿದೆ. ಅದು ಐದಾರು ಫೋಟೋಗಳಲ್ಲಿ ಬಂದಿರುತ್ತದೆ ನಿಜ, ಆದರೆ ಎಲ್ಲವೂ ಒಂದೇ ಸಾಲಿನವು, ಎಲ್ಲವೂ ಒಂದೇ ಮಗ್ಗುಲಿನವು. ಆ ಓರೆನೋಟದಲ್ಲಿ ಮಾಡು ಸುಮಾರು ಎರಡೂವರೆ ಮೀಟರ್ ಹೊರಕ್ಕೆ ವಾಲಿ, ಮನೆಯ ಹಿಂದಿನ ಅಷ್ಟಗಲದ ನೆಲವನ್ನು ಮುಚ್ಚಿಬಿಡುತ್ತದೆ. ಎಂಟಡಿಯ ಆ ಪಟ್ಟಿ ಯಾವ ಫೋಟೋದಲ್ಲೂ ಇಲ್ಲ. ನೆರೆಯವರೊಡನೆ ತಕರಾರು ಹುಟ್ಟುವ ಜಾಗವೂ ಸಾಮಾನ್ಯವಾಗಿ ಅದೇ.

ಇಂಥ ಜಾಗವನ್ನು ಸಾಫ್ಟ್‌ವೇರ್ ಎಷ್ಟೋ ಸಲ ಖಾಲಿ ಬಿಡುವುದಿಲ್ಲ. ಅಕ್ಕಪಕ್ಕದ ಎತ್ತರವನ್ನೂ ಬಣ್ಣವನ್ನೂ ಎಳೆದು ತುಂಬುತ್ತದೆ. ಅದನ್ನು ಕಣ್ಣಿನಿಂದ ಪತ್ತೆ ಮಾಡಬಹುದು. ನೇರ ಇರಲೇಬೇಕಾದ ವಸ್ತುಗಳನ್ನು ಹುಡುಕಿ: ಸೂರಿನ ಅಂಚು, ಕಾಂಪೌಂಡ್ ಗೋಡೆ, ಸಿಮೆಂಟ್ ರಸ್ತೆಯ ಬದಿ. ಚಿತ್ರವನ್ನು ಪೂರ್ತಿ ಹಿಗ್ಗಿಸಿ ಅವುಗಳ ಉದ್ದಕ್ಕೂ ಕಣ್ಣಾಡಿಸಿ. ಸೂರು ಅಲೆಅಲೆಯಾಗಿದ್ದರೆ, ಗೋಡೆ ಬೆಂಕಿಗೆ ಹಿಡಿದ ಮೇಣದಂತೆ ಕರಗಿ ಬಾಗಿದ್ದರೆ, ಮಾಡಿನ ಬಣ್ಣ ಅಂಗಳದ ಮೇಲೆ ಹರಿದಿದ್ದರೆ ಅಲ್ಲಿನ ಎತ್ತರದ ಲೆಕ್ಕ ತಪ್ಪಿದೆ ಎಂದೇ ಅರ್ಥ. ಜೊತೆಗೆ ಸಾಫ್ಟ್‌ವೇರ್ ಕೊಡುವ ವರದಿಯನ್ನೂ ತೆರೆಯಿರಿ. ಎಲ್ಲೆಲ್ಲಿ ಎಷ್ಟು ಫೋಟೋ ಸಿಕ್ಕಿವೆ ಎಂದು ಬಣ್ಣದಲ್ಲಿ ತೋರಿಸುವ ಪುಟವೊಂದು ಅದರಲ್ಲಿರುತ್ತದೆ. ಅದು ನಡುವೆ ಒಂದು ಬಣ್ಣವಿದ್ದು ಅಂಚಿನತ್ತ ಬದಲಾಗುತ್ತ ಹೋಗುವುದು ಸಹಜ. ಆ ಬದಲಾವಣೆ ಮನೆಗಳ ಮೇಲೆ ಬಿದ್ದಿದ್ದರೆ ಮಾತ್ರ ಎಚ್ಚರ ಬೇಕು.

ಉಚಿತವಾಗಿ ಸಿಗುವ ಓಪನ್‌ಡ್ರೋನ್‌ಮ್ಯಾಪ್‌ನಲ್ಲಿ `--crop` ಎಂಬ ಆಯ್ಕೆ ಇದೆ. ನಾವು ಬೇರೆ ಹೇಳದಿದ್ದರೆ ಅದು ಅಂಚಿನಿಂದ ಮೂರು ಮೀಟರ್ ಕತ್ತರಿಸುತ್ತದೆ. ನಮ್ಮ ಉದಾಹರಣೆಯ ಮನೆಗೆ ಅದರಿಂದ ಏನೂ ಆಗದು, ಏಕೆಂದರೆ ದುರ್ಬಲವಾದ ಪಟ್ಟಿ ಹತ್ತಾರು ಮೀಟರ್ ಅಗಲವಿದೆ. ಪರಿಹಾರ ಹಾರಾಟದಲ್ಲೇ ಇರುವುದು. ಕೊನೆಯ ಮನೆಯನ್ನು ಗಡಿಯೆಂದು ಹಿಡಿದು, ಅದರಾಚೆಗೂ ಎರಡೂ ಬದಿಗೆ ಒಂದೊಂದು ಹೆಚ್ಚಿನ ಸಾಲು ಹಾರಬೇಕು. ಪ್ರತಿ ಸಾಲನ್ನೂ ಎರಡು ತುದಿಗಳಲ್ಲಿ 50 ಮೀಟರ್ ಮುಂದುವರಿಸಬೇಕು. ಫೋಟೋಗಳ ಸಂಖ್ಯೆ 128ರಿಂದ ಇನ್ನೂರರ ಆಸುಪಾಸಿಗೆ ಏರುತ್ತದೆ. ಆಗ ಅಂಚಿನ ಮನೆಗೂ ನಡುವಿನ ಮನೆಗೆ ಸಿಕ್ಕಷ್ಟೇ ಫೋಟೋ ಸಿಗುತ್ತವೆ.

ಇನ್ನು ಮಸುಕಿನ ವಿಷಯ. ಚಿತ್ರದ ನಡುವೆ ಅಲ್ಲಲ್ಲಿ ಮಂಜು ಕವಿದಂತೆ ಕಂಡರೆ ಮೊದಲು ಆ ಜಾಗದ ಮೂಲ ಫೋಟೋಗಳನ್ನು ತೆರೆದು ನೋಡಬೇಕು. ಎರಡರಲ್ಲಿ ಒಂದು ಉತ್ತರ ಸಿಗುತ್ತದೆ.

ಮೂಲ ಫೋಟೋವೇ ಮಸುಕಾಗಿದ್ದರೆ ತಪ್ಪು ಆಕಾಶದಲ್ಲಿ ಆಗಿದೆ. ಡ್ರೋನ್ ಸೆಕೆಂಡಿಗೆ 10 ಮೀಟರ್ ಸಾಗುತ್ತಿದೆ, ಮೋಡ ಅಡ್ಡ ಬಂದು ಕ್ಯಾಮೆರಾ ತಾನಾಗಿಯೇ ಶಟರ್ ವೇಗವನ್ನು ಸೆಕೆಂಡಿನ ನೂರನೇ ಒಂದಕ್ಕೆ ಇಳಿಸಿತು ಎನ್ನೋಣ. ಶಟರ್ ತೆರೆದಿರುವಷ್ಟರಲ್ಲಿ ಡ್ರೋನ್ 10 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಅಂದರೆ ಮೂರೂವರೆ ಪಿಕ್ಸೆಲ್. ನಾಲ್ಕು ಬೆರಳಗಲದ ಸುಣ್ಣದ ಗೆರೆ ಚಿತ್ರದಲ್ಲಿ ಇರುವುದೇ ಮೂರು ಪಿಕ್ಸೆಲ್! ಹಾರುವ ದಿಕ್ಕಿಗೆ ಅಡ್ಡವಾಗಿ ಎಳೆದ ಗೆರೆ ಅಳಿಸಿದಂತಾಗುತ್ತದೆ, ಅದೇ ದಿಕ್ಕಿನಲ್ಲಿ ಉದ್ದಕ್ಕೆ ಎಳೆದದ್ದು ಸ್ಪಷ್ಟವಾಗಿ ಉಳಿಯುತ್ತದೆ. ಒಂದೇ ಹಿತ್ತಲಿನ ಎರಡು ಗೆರೆ ಹೀಗೆ ಬೇರೆ ಬೇರೆಯಾಗಿ ಕಂಡರೆ ಕಾರಣ ಚಲನೆಯೇ ಎಂದು ಗಟ್ಟಿಯಾಗಿ ಹೇಳಬಹುದು. ಇದನ್ನು ಯಾವ ಸಾಫ್ಟ್‌ವೇರ್ ಕೂಡ ಸರಿಪಡಿಸಲಾರದು. ಶಟರ್ ವೇಗವನ್ನು ಸಾವಿರದ ಒಂದಕ್ಕೆ ಕಟ್ಟಿಹಾಕಿ, ಆ ಸಾಲುಗಳನ್ನು ಮತ್ತೆ ಹಾರಿಸಬೇಕು. ಆಗ ಜರುಗುವುದು ಒಂದೇ ಸೆಂಟಿಮೀಟರ್, ಅರ್ಧ ಪಿಕ್ಸೆಲ್‌ಗಿಂತ ಕಡಿಮೆ.

ಮೂಲ ಫೋಟೋ ಸ್ಪಷ್ಟವಾಗಿದ್ದು ಬೆಸೆದ ಚಿತ್ರ ಮಾತ್ರ ಮಸುಕಾಗಿದ್ದರೆ ತಪ್ಪು ಬೆಸುಗೆಯದು. ತೆಂಗು, ಅಡಿಕೆ ತೋಟಗಳ ಮೇಲೆ ಇದು ಹೆಚ್ಚು. ಗಾಳಿಗೆ ಗರಿಗಳು ಓಲಾಡುವುದರಿಂದ ಒಂದು ಫೋಟೋದ ಗರಿ ಮುಂದಿನ ಫೋಟೋದಲ್ಲಿ ಅದೇ ಜಾಗದಲ್ಲಿರುವುದಿಲ್ಲ. ಗುರುತಿಗೆ ಗುರುತು ಹೊಂದದೆ, ಒಂದೇ ಮರಕ್ಕೆ ಎರಡೆರಡು ತಲೆ ಬಂದಂತೆ ಕಾಣುತ್ತದೆ. ಕೆರೆಯ ನೀರಿನ ಮೇಲೂ ಹೀಗೆಯೇ, ಅಲ್ಲಿ ಹಿಡಿದಿಟ್ಟುಕೊಳ್ಳಲು ಗುರುತೇ ಇಲ್ಲ. ಗಾಳಿ ಬೀಸದ ಹೊತ್ತಿನಲ್ಲಿ, ಓವರ್‌ಲ್ಯಾಪ್ ಇನ್ನಷ್ಟು ಹೆಚ್ಚಿಸಿ ಹಾರಿದರೆ ತೋಟದ ಚಿತ್ರ ಬಹುಪಾಲು ಸುಧಾರಿಸುತ್ತದೆ. ಆದರೂ ಮರದ ನೆರಳಿನಡಿಯ ಬೇಲಿ ಮೇಲಿನಿಂದ ಕಾಣುವುದಿಲ್ಲ, ಅದು ಈ ವಿಧಾನದ ಮಿತಿ.

ಕರಡು ನಕ್ಷೆಯನ್ನು ಮಾಲೀಕರಿಗೆ ತೋರಿಸಿ ಆಕ್ಷೇಪಣೆ ಕೇಳುವ ಹಂತವೊಂದಿದೆ. ನಿಮ್ಮ ಮನೆ ಊರಿನ ತುದಿಯಲ್ಲಿದ್ದರೆ, ಹಿತ್ತಲಿನಲ್ಲಿ ತೆಂಗು ಬೆಳೆದಿದ್ದರೆ ಆ ದಿನ ತಪ್ಪದೆ ಹೋಗಿ. ಮನೆಯ ಹಿಂಬದಿಯ ಗೋಡೆಯಿಂದ ಬೇಲಿಯವರೆಗೆ ಟೇಪು ಹಿಡಿದು ಅಳೆದುಕೊಂಡು ಹೋಗಿ, ಅದೇ ದೂರ ನಕ್ಷೆಯಲ್ಲಿ ಎಷ್ಟಿದೆ ಎಂದು ಕೇಳಿ. ನಕ್ಷೆ ಮಾಡುವವರಿಗೂ ಇದೇ ಮಾತು: ಸೂರು ಬಾಗಿದ ಕಡೆ, ಗೆರೆ ಮಸುಕಾದ ಕಡೆ ಅಂದಾಜಿನಿಂದ ಗಡಿ ಎಳೆಯಬೇಡಿ. ಅಲ್ಲಿ ನೆಲಕ್ಕಿಳಿದು ಅಳೆಯಬೇಕು.