ಚಾರ್ಟಿನ ಖಾಲಿ ಜಾಗದಲ್ಲಿ ಯಾರ ಗುರುತಿದೆ?

ಬ್ಯಾಂಕುಗಳು, ಫಂಡುಗಳು ಎಲ್ಲಿ ಕೊಂಡಿವೆ, ಎಲ್ಲಿ ಮಾರಿವೆ ಎಂಬುದನ್ನು ಚಾರ್ಟ್ ನೋಡಿಯೇ ಪತ್ತೆಮಾಡಬಹುದು ಎನ್ನುವುದು ‘ಸ್ಮಾರ್ಟ್ ಮನಿ’ ಪದ್ಧತಿಯ ಭರವಸೆ. ಅಮೆರಿಕದ ಮೈಕೆಲ್ ಹಡಲ್‌ಸ್ಟನ್ ‘ಇನ್ನರ್ ಸರ್ಕಲ್ ಟ್ರೇಡರ್’ ಎಂಬ ಹೆಸರಿನಲ್ಲಿ ಜನಪ್ರಿಯಗೊಳಿಸಿದ ಈ ಪಾಠ ಈಗ ನಿಫ್ಟಿಯ ಚಾರ್ಟಿಗೂ ಬಂದಿದೆ. ಇದರ ಎರಡು ಮುಖ್ಯ ಆಯುಧಗಳು ಆರ್ಡರ್ ಬ್ಲಾಕ್ ಮತ್ತು ಫೇರ್ ವ್ಯಾಲ್ಯೂ ಗ್ಯಾಪ್.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ನಿಫ್ಟಿ ಫ್ಯೂಚರ್ಸ್‌ನ 15 ನಿಮಿಷದ ಚಾರ್ಟಿನಲ್ಲಿ ಸಾಲಾಗಿ ಮೂರು ಕ್ಯಾಂಡಲ್‌ಗಳಿವೆ. ಮೊದಲನೆಯದು ಕೆಂಪು, ಅದರ ತಳ 23,995, ತುದಿ 24,010. ಎರಡನೆಯದು ಜೋರಾಗಿ ಮೇಲೇರಿದ ಹಸಿರು. ಮೂರನೆಯದರ ತಳ 24,040. ಮೊದಲನೆಯದರ ತುದಿಗೂ ಮೂರನೆಯದರ ತಳಕ್ಕೂ ನಡುವೆ ಉಳಿದ 30 ಅಂಶಗಳ ಜಾಗವೇ ಫೇರ್ ವ್ಯಾಲ್ಯೂ ಗ್ಯಾಪ್. ಏರಿಕೆಗೆ ಮುಂಚಿನ ಆ ಕೊನೆಯ ಕೆಂಪು ಕ್ಯಾಂಡಲ್ಲೇ ಆರ್ಡರ್ ಬ್ಲಾಕ್. ದೊಡ್ಡವರ ಖರೀದಿ ಅಲ್ಲಿ ಪೂರ್ತಿಯಾಗಿಲ್ಲ, ಆದ್ದರಿಂದ ಬೆಲೆ ಮತ್ತೆ ಅಲ್ಲಿಗೆ ಇಳಿದು ಮೇಲೇಳುತ್ತದೆ ಎಂಬುದು ವಾದ. ಹಾಗಾಗಿ 24,040ಕ್ಕೆ ಕೊಳ್ಳುತ್ತಾರೆ, ಬ್ಲಾಕಿನ ಕೆಳಗೆ 23,990ಕ್ಕೆ ಸ್ಟಾಪ್ ಲಾಸ್ ಇಡುತ್ತಾರೆ, 24,140ಕ್ಕೆ ಟಾರ್ಗೆಟ್. ಹೋದರೆ 50 ಅಂಶ, ಬಂದರೆ 100.

ಈ ‘ಗ್ಯಾಪ್’ ನಿಜಕ್ಕೂ ಖಾಲಿಯಲ್ಲ. ಎರಡನೆಯ ಕ್ಯಾಂಡಲ್ ನಡೆಯುವಾಗ ಅಲ್ಲಿಯೂ ವಹಿವಾಟು ಆಗಿದೆ. ಖಾಲಿ ಕಾಣುವುದು ನಾವು ಸಮಯವನ್ನು 15 ನಿಮಿಷಕ್ಕೊಂದರಂತೆ ಕತ್ತರಿಸಿದ್ದರಿಂದ. ಅದೇ ಏರಿಕೆಯನ್ನು 5 ನಿಮಿಷದ ಚಾರ್ಟಿನಲ್ಲಿ ನೋಡಿದರೆ ಕ್ಯಾಂಡಲ್‌ಗಳು ಒಂದರ ಮೇಲೊಂದು ಹಾದು ಗ್ಯಾಪೇ ಮಾಯವಾಗಿರಬಹುದು. ದೊಡ್ಡ ಸಂಸ್ಥೆಯ ಆರ್ಡರ್ ನಮ್ಮ ಗಡಿಯಾರ ನೋಡಿಕೊಂಡು ಕೂತಿರುವುದಿಲ್ಲ. ಅವರು ಸಾಮಾನ್ಯವಾಗಿ ಆರ್ಡರನ್ನು ಚೂರುಚೂರು ಮಾಡಿ, ಹೊತ್ತು ನೋಡಿ, ತಮ್ಮ ಸುಳಿವು ಸಿಗದಂತೆ ಮಾರುಕಟ್ಟೆಗೆ ಬಿಡುತ್ತಾರೆ. ಕ್ಯಾಂಡಲ್ ಹೇಳುವುದು ನಾಲ್ಕು ಬೆಲೆಗಳನ್ನಷ್ಟೇ, ಕೊಂಡವರ ಹೆಸರನ್ನಲ್ಲ.

ಹಾಗೆಂದು ಆರ್ಡರ್‌ಗಳು ಕೆಲವು ಬೆಲೆಗಳಲ್ಲಿ ಗುಂಪುಗೂಡುವುದೇ ಸುಳ್ಳು ಎನ್ನಲಾಗದು. ಅರ್ಥಶಾಸ್ತ್ರಜ್ಞೆ ಕ್ಯಾರೊಲ್ ಆಸ್ಲರ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದೇಶಿ ವಿನಿಮಯ ವ್ಯವಹಾರದ ಒಂದು ದೊಡ್ಡ ಬ್ಯಾಂಕಿನ ನಿಜವಾದ ಆರ್ಡರ್‌ಗಳನ್ನೇ ಪರಿಶೀಲಿಸಿದರು. ಲಾಭ ತೆಗೆದುಕೊಳ್ಳುವ ಆರ್ಡರ್‌ಗಳು ದುಂಡು ಸಂಖ್ಯೆಗಳ ಮೇಲೂ ಸ್ಟಾಪ್ ಲಾಸ್‌ಗಳು ಅವುಗಳ ಸ್ವಲ್ಪ ಆಚೆಗೂ ನೆರೆಯುತ್ತವೆ ಎಂದು ಕಂಡರು. ಸ್ಟಾಪ್ ಲಾಸ್ ರಾಶಿಯ ಬಗ್ಗೆ ಸ್ಮಾರ್ಟ್ ಮನಿಯವರು ಹೇಳುವುದಕ್ಕೆ ಇದರಲ್ಲಿ ಒಂದಿಷ್ಟು ಆಧಾರವಿದೆ. ಆದರೆ ಆಸ್ಲರ್ ಕೈಯಲ್ಲಿದ್ದದ್ದು ಆರ್ಡರ್‌ಗಳ ದಾಖಲೆ. ಮೂರು ಕ್ಯಾಂಡಲ್‌ಗಳಿಂದ ಅವರು ಏನನ್ನೂ ಊಹಿಸಲಿಲ್ಲ.

‘ಗ್ಯಾಪ್‌ಗಳು ಹೆಚ್ಚಿನ ಸಲ ತುಂಬುತ್ತವೆ’ ಎಂಬ ಮಾತನ್ನು ಪುರಾವೆಯೆಂದು ಕೊಡುವವರಿದ್ದಾರೆ. ತುಂಬುವುದು ನಿಜವೇ ಇರಬಹುದು. ನಾಣ್ಯ ಚಿಮ್ಮಿ ಬೆಲೆಯನ್ನು ಏರಿಸಿ ಇಳಿಸಿದರೂ ಅದು ಹತ್ತಿರದ ಜಾಗಕ್ಕೆ ಇಂದೋ ನಾಳೆಯೋ ಮರಳುತ್ತದೆ. ಮರಳಿದ ಮೇಲೆ ಏನಾಗುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ. ಬೆಲೆಗೆ ಯಾವ ದಿಕ್ಕಿನ ಒಲವೂ ಇಲ್ಲದಿದ್ದರೆ, 50ರ ಸ್ಟಾಪ್ ಲಾಸ್‌ಗಿಂತ ಮೊದಲು 100ರ ಟಾರ್ಗೆಟ್ ಮುಟ್ಟುವ ಸಾಧ್ಯತೆ ಮೂರರಲ್ಲೊಂದು. ಮೂರು ವಹಿವಾಟಿನಲ್ಲಿ ಒಮ್ಮೆ 100 ಬಂದು, ಎರಡು ಸಲ 50 ಹೋಗಿ, ಲೆಕ್ಕ ಸೊನ್ನೆ. ಬ್ರೋಕರೇಜ್, ತೆರಿಗೆ, ಬೆಲೆ ಜಾರುವಿಕೆ ಸೇರಿ ಪ್ರತಿ ಸಲ 5 ಅಂಶ ಹೋಗುತ್ತದೆಂದುಕೊಂಡರೆ, ಅಸಲು ಉಳಿಸಿಕೊಳ್ಳಲು ಸುಮಾರು 37 ಶೇಕಡಾ ಗೆಲ್ಲಬೇಕು.

ಯಾರಾದರೂ 100 ವಹಿವಾಟಿನಲ್ಲಿ 40 ಗೆದ್ದೆ ಎಂದರೆ? ಬರೀ ಅದೃಷ್ಟದಲ್ಲೂ ಈ ಸಂಖ್ಯೆ 24ರಿಂದ 42ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ನೂರು ವಹಿವಾಟು ಏನನ್ನೂ ತೀರ್ಮಾನಿಸುವುದಿಲ್ಲ. ಪಾಠದ ವಿಡಿಯೊಗಳಲ್ಲಿ ತೋರಿಸುವ ಹತ್ತು ಸುಂದರ ಉದಾಹರಣೆಗಳ ಬೆಲೆ ಎಷ್ಟೆಂದು ಬೇರೆ ಹೇಳಬೇಕಿಲ್ಲ.

ನನಗೆ ಹೆಚ್ಚು ಅನುಮಾನ ಹುಟ್ಟಿಸುವುದು ಸೋಲಿಗೂ ಹೆಸರಿಟ್ಟಿರುವುದು. ಬ್ಲಾಕ್ ಮುರಿದರೆ ಅದು ‘ಬ್ರೇಕರ್’, ಗ್ಯಾಪ್ ತಡೆಯದಿದ್ದರೆ ‘ಇನ್ವರ್ಷನ್’. ಬೆಲೆ ಎತ್ತ ಹೋದರೂ ಸಿದ್ಧಾಂತ ಗೆಲ್ಲುತ್ತದೆ, ಖಾತೆಯಲ್ಲಿನ ದುಡ್ಡು ಮಾತ್ರ ಗೆಲ್ಲುವುದಿಲ್ಲ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ವೈಯಕ್ತಿಕ ವ್ಯಾಪಾರಿಗಳಲ್ಲಿ 93 ಶೇಕಡಾ ಮಂದಿ ನಷ್ಟ ಅನುಭವಿಸಿದರೆಂದು ಸೆಬಿ ಅಧ್ಯಯನ ಹೇಳಿದೆ. ಅವರೆಲ್ಲ ಈ ಪದ್ಧತಿ ಅನುಸರಿಸಿದವರೆಂದಲ್ಲ. ಪದ್ಧತಿ ಯಾವುದೇ ಇರಲಿ, ಅದು ಗೆಲ್ಲಬೇಕಾದ ಕಣ ಇಂಥದ್ದು.

ಪರೀಕ್ಷಿಸುವ ಮನಸ್ಸಿದ್ದರೆ ನಿಯಮಗಳನ್ನು ಮೊದಲೇ ಬರೆದಿಡಬೇಕು: ಎಷ್ಟು ನಿಮಿಷದ ಚಾರ್ಟ್, ಕನಿಷ್ಠ ಎಷ್ಟು ಅಂಶದ ಗ್ಯಾಪ್, ಎಷ್ಟು ಹೊತ್ತಿನವರೆಗೆ ಅದು ಲೆಕ್ಕಕ್ಕೆ. ಗುರುತು ಹಾಕುವುದು ಮೂರನೆಯ ಕ್ಯಾಂಡಲ್ ಮುಗಿದ ಮೇಲೆಯೇ, ಮುಂದಿನದು ಕಾಣುವ ಮುಂಚೆಯೇ. ಒಂದೇ ಕ್ಯಾಂಡಲ್ ಸ್ಟಾಪ್ ಲಾಸನ್ನೂ ಟಾರ್ಗೆಟನ್ನೂ ಮುಟ್ಟಿದ್ದರೆ ಅದನ್ನು ಸೋಲೆಂದೇ ಬರೆದುಕೊಳ್ಳಬೇಕು. ಜೊತೆಗೆ ಅಷ್ಟೇ ದೂರದಲ್ಲಿ, ಅಷ್ಟೇ ಅಗಲಕ್ಕೆ, ಯಾವ ಕಾರಣವೂ ಇಲ್ಲದೆ ಕೆಲವು ಪಟ್ಟಿಗಳನ್ನು ಚಾರ್ಟಿನ ಮೇಲೆ ಎಳೆದು, ಅದೇ ಸ್ಟಾಪ್ ಲಾಸ್, ಅದೇ ಟಾರ್ಗೆಟ್ ಇಟ್ಟು ಅವುಗಳ ಫಲಿತಾಂಶವನ್ನೂ ಪಕ್ಕದಲ್ಲಿ ಬರೆಯಬೇಕು. ನೂರಾರು ವಹಿವಾಟುಗಳ ನಂತರವೂ ಆರ್ಡರ್ ಬ್ಲಾಕ್ ಈ ಕುರುಡು ಪಟ್ಟಿಗಳನ್ನು ಸ್ಪಷ್ಟವಾಗಿ ಮೀರಿಸದಿದ್ದರೆ, ಅದರಲ್ಲಿ ದೊಡ್ಡವರ ಗುರುತಿದೆ ಎನ್ನಲು ಆಧಾರವಿಲ್ಲ.