ಸೀಳುಗೆರೆ ಕಾಣುವಷ್ಟು ಕಿಂಡಿ

ದ ಅಕ್ಷರದ ಕೆಳಗೆ ಪುಟ್ಟ ಗೆರೆಯೊಂದನ್ನು ಎಳೆದರೆ ಅದು ಧ. ಪ ಒಳಗೆ ಗೆರೆ ಬಂದರೆ ಷ, ಅದೇ ಗೆರೆ ಕೆಳಗಿಳಿದರೆ ಫ. ರ ನಡುವೆ ಚುಕ್ಕಿ ಇಟ್ಟರೆ ಠ. ಅಕ್ಷರದ ಮೈಯೆಲ್ಲ ಒಂದೇ ರೀತಿ ಇದ್ದು, ಬೆರಳ ಉಗುರಿನಷ್ಟು ಜಾಗದಲ್ಲಿ ಮಾತ್ರ ವ್ಯತ್ಯಾಸ ಅಡಗಿರುವ ಇಂಥ ಜೋಡಿಗಳು ಕನ್ನಡದಲ್ಲಿ ಹಲವು. ಕೈಬರಹದ ಕನ್ನಡವನ್ನು ಕಂಪ್ಯೂಟರಿಗೆ ಓದಿಸಲು ಹೊರಟವರ ಕಷ್ಟ ಶುರುವಾಗುವುದು ಇಲ್ಲಿಯೇ. ಅ ಮತ್ತು ಕ ನಡುವಿನ ಭೇದವನ್ನು ಯಾವ ಜಾಲವಾದರೂ ಬೇಗ ಕಲಿಯುತ್ತದೆ. ದ ಮತ್ತು ಧ ಅದರ ನಿಜವಾದ ಪರೀಕ್ಷೆ.

ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಕನ್ವಲ್ಯೂಷನ್ ಜಾಲವನ್ನು. ಅದು ಚಿತ್ರವನ್ನು ಒಮ್ಮೆಗೇ ಇಡಿಯಾಗಿ ನೋಡುವುದಿಲ್ಲ. ಪುಟ್ಟದೊಂದು ಚೌಕಾಕಾರದ ಕಿಂಡಿಯನ್ನು ಚಿತ್ರದ ಮೇಲೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಸರಿಸುತ್ತ ಹೋಗುತ್ತದೆ. ಈ ಕಿಂಡಿಯೇ ಕರ್ನಲ್. 3×3 ಕರ್ನಲ್ ಎಂದರೆ ಒಂಬತ್ತು ಸಂಖ್ಯೆಗಳು. ಕಿಂಡಿಯೊಳಗೆ ಕಾಣುವ ಒಂಬತ್ತು ಪಿಕ್ಸೆಲ್‌ಗಳನ್ನು ಆ ಸಂಖ್ಯೆಗಳಿಂದ ಗುಣಿಸಿ ಕೂಡಿಸಿದರೆ ಒಂದು ಉತ್ತರ ಬರುತ್ತದೆ. ಅಡ್ಡಗೆರೆ ಸಿಕ್ಕಾಗ ಒಂದು ಕರ್ನಲ್‌ನ ಉತ್ತರ ದೊಡ್ಡದಾದರೆ, ಬಲಕ್ಕೆ ಬಾಗಿದ ಗೆರೆ ಸಿಕ್ಕಾಗ ಇನ್ನೊಂದರದ್ದು ದೊಡ್ಡದಾಗುತ್ತದೆ. ಈ ಸಂಖ್ಯೆಗಳು ಎಷ್ಟಿರಬೇಕೆಂದು ನಾವು ಹೇಳುವುದಿಲ್ಲ, ಮಾದರಿಗಳನ್ನು ನೋಡಿ ಜಾಲವೇ ಕಲಿಯುತ್ತದೆ. ಕಿಂಡಿ ಎಷ್ಟು ಅಗಲವಿರಬೇಕೆಂದು ತೀರ್ಮಾನಿಸುವುದು ಮಾತ್ರ ನಮ್ಮ ಹೊಣೆ.

ಹಲವರು ಈ ತೀರ್ಮಾನವನ್ನು ಎಲ್ಲೋ ಓದಿದ ಜಾಲದಿಂದ ಎತ್ತಿಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದಕ್ಕೂ ಮೊದಲು ಅಳತೆಪಟ್ಟಿ ಹಿಡಿಯಬೇಕು. ಸೀಳುಗೆರೆ ಎಷ್ಟು ಪಿಕ್ಸೆಲ್ ಉದ್ದವಿದೆ, ಪೆನ್ನಿನ ಗೆರೆ ಎಷ್ಟು ದಪ್ಪವಿದೆ ಎಂದು ಅಳೆದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಇಂಗ್ಲಿಷ್ ಅಂಕಿಗಳ ಹೆಸರಾಂತ ಎಂನಿಸ್ಟ್ ಸಂಗ್ರಹದಲ್ಲಿ ಚಿತ್ರದ ಅಳತೆ 28×28, ಅದರೊಳಗೆ ಅಂಕಿಗೆ ಸಿಗುವ ಜಾಗ 20×20. ಧ ಅಕ್ಷರವನ್ನು ಇಷ್ಟರಲ್ಲೇ ಕೂರಿಸಿದೆವು ಎನ್ನಿ. ಸೀಳುಗೆರೆ ಅಕ್ಷರದ ಎತ್ತರದ ಎಂಟನೇ ಒಂದು ಭಾಗದಷ್ಟಿದ್ದರೆ ಅದಕ್ಕೆ ಸಿಗುವುದು ಎರಡೂವರೆ ಪಿಕ್ಸೆಲ್. ಕುಗ್ಗಿಸುವಾಗ ಅದು ಬೂದು ಕಲೆಯಾಗಿ ಮೇಲಿನ ಗೆರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಯಾವ ಕರ್ನಲ್ ಹಾಕಿದರೂ ಪ್ರಯೋಜನವಿಲ್ಲ, ಚಿತ್ರದಲ್ಲೇ ಇಲ್ಲದ್ದನ್ನು ಜಾಲ ಹುಡುಕಲಾರದು. ಅದೇ ಚಿತ್ರವನ್ನು 64×64ಕ್ಕೆ ಏರಿಸಿ, ಸುತ್ತ 6 ಪಿಕ್ಸೆಲ್ ಅಂಚು ಬಿಟ್ಟು ಅಕ್ಷರಕ್ಕೆ 52 ಪಿಕ್ಸೆಲ್ ಕೊಟ್ಟರೆ ಸೀಳುಗೆರೆ ಆರೇಳು ಪಿಕ್ಸೆಲ್ ಉದ್ದವಾಗುತ್ತದೆ. ಸಾಧಾರಣ ಪೆನ್ನಿನ ಗೆರೆ ಸುಮಾರು 3–4 ಪಿಕ್ಸೆಲ್ ದಪ್ಪ ಬರುತ್ತದೆ. ಅಂಕಿಗಳಿಗೆ ಒಗ್ಗಿದ ಅಳತೆ ಅಕ್ಷರಗಳಿಗೆ ಒಗ್ಗುವುದಿಲ್ಲ.

ಈಗ ಮೊದಲ ಪದರದ ಕಿಂಡಿ. ಗೆರೆಯೇ ನಾಲ್ಕು ಪಿಕ್ಸೆಲ್ ದಪ್ಪವಿರುವಾಗ 3×3 ಕಿಂಡಿಯನ್ನು ಗೆರೆಯ ನಟ್ಟನಡುವೆ ಇಟ್ಟರೆ ಒಂಬತ್ತೂ ಪಿಕ್ಸೆಲ್ ಬರೀ ಶಾಯಿ. ಗೆರೆ ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ಆ ಜಾಗದಿಂದ ತಿಳಿಯುವುದಿಲ್ಲ, ಒಂದು ಅಂಚಿಗೆ ಸರಿದಾಗಷ್ಟೇ ಸುಳಿವು ಸಿಗುತ್ತದೆ. 5×5 ಆದರೆ ಗೆರೆಯ ದಪ್ಪ ಪೂರ್ತಿ ಕಿಂಡಿಯೊಳಗೆ ಹಿಡಿಯುತ್ತದೆ, ಪಕ್ಕದ ಖಾಲಿ ಜಾಗವೂ ಕಾಣುತ್ತದೆ.

ಇಲ್ಲೊಂದು ಪ್ರಸಿದ್ಧ ವಾದವನ್ನು ಎದುರಿಸಲೇಬೇಕು. 2014ರ ವಿಜಿಜಿ ಜಾಲ ಬಂದ ಮೇಲೆ ಎಲ್ಲೆಡೆ 3×3 ರೂಢಿಗೆ ಬಂತು. ಎರಡು 3×3 ಪದರಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು 5×5ರಷ್ಟೇ ಜಾಗ ಕಾಣುತ್ತದೆ, ಕಲಿಯಬೇಕಾದ ಸಂಖ್ಯೆಗಳು 25ರ ಬದಲು 18 ಸಾಕು ಎಂಬುದು ಆ ವಾದ. ಮಾತು ನಿಜ, ಆದರೆ ಪದರದ ಒಳಗೆ ಹೋಗುವ ಚಿತ್ರಗಳೂ ಹೊರಗೆ ಬರುವ ಚಿತ್ರಗಳೂ ಸಮವಾಗಿದ್ದಾಗ ಮಾತ್ರ ನಿಜ. ನಮ್ಮ ಮೊದಲ ಪದರಕ್ಕೆ ಹೋಗುವುದು ಒಂದೇ ಒಂದು ಕಪ್ಪು–ಬಿಳುಪು ಚಿತ್ರ. ಅದರಿಂದ 16 ಚಿತ್ರ ಹೊರಬರಬೇಕಾದರೆ 5×5 ಪದರಕ್ಕೆ 400 ಸಂಖ್ಯೆ ಸಾಕು. ಎರಡು 3×3 ಪದರ ಹಾಕಿದರೆ ಮೊದಲನೆಯದಕ್ಕೆ 144, 16ರಿಂದ 16ಕ್ಕೆ ಹೋಗುವ ಎರಡನೆಯದಕ್ಕೆ 2,304, ಒಟ್ಟು 2,448. ಉಳಿತಾಯದ ವಾದ ಇಲ್ಲಿ ತಲೆಕೆಳಗಾಗುತ್ತದೆ. ಒಳಗಿನ ಪದರಗಳಲ್ಲಿ ಅದು ಮತ್ತೆ ನೆಟ್ಟಗಾಗುತ್ತದೆ: 32ರಿಂದ 32ಕ್ಕೆ ಒಂದು 5×5 ಪದರ 25,600 ಸಂಖ್ಯೆ ಕೇಳಿದರೆ, ಎರಡು 3×3 ಪದರಗಳು 18,432 ಕೇಳುತ್ತವೆ. ಅದಕ್ಕೇ ಮೊದಲ ಪದರಕ್ಕೆ 5×5, ಒಳಗೆಲ್ಲ 3×3 ಎಂಬುದು ನನ್ನ ಆಯ್ಕೆ.

ಇಡೀ ಜಾಲ ಹೀಗಿರಬಹುದು. 5×5 ಪದರವೊಂದು, ಬಳಿಕ ಚಿತ್ರವನ್ನು ಅರ್ಧಕ್ಕೆ ಇಳಿಸುವ ಪೂಲಿಂಗ್. ಆಮೇಲೆ ಎರಡು 3×3 ಪದರ, ಮತ್ತೆ ಪೂಲಿಂಗ್. ಇನ್ನೆರಡು 3×3, ಇನ್ನೊಂದು ಪೂಲಿಂಗ್. ಹೊತ್ತಿಗೆ ಚಿತ್ರ 8×8ಕ್ಕೆ ಇಳಿದಿರುತ್ತದೆ, ಅದರ ಒಂದೊಂದು ಬಿಂದುವೂ ಮೂಲ ಚಿತ್ರದ 36 ಪಿಕ್ಸೆಲ್ ಅಗಲದ ಚೌಕವನ್ನು ಕಂಡಿರುತ್ತದೆ. ಸೀಳುಗೆರೆ ಮತ್ತು ಅದರ ಮೇಲಿನ ಹೊಟ್ಟೆ ಒಟ್ಟಿಗೆ ಕಾಣಲು ಅಷ್ಟು ಧಾರಾಳ. ಅವೆಲ್ಲವನ್ನೂ ಕೂಡಿಸಿ ವರ್ಣಮಾಲೆಯ 49 ಅಕ್ಷರಗಳಲ್ಲಿ ಒಂದನ್ನು ಆರಿಸುವುದು ಕೊನೆಯ ಪದರದ ಕೆಲಸ.

ಹಾಗಾದರೆ ಮೊದಲಿಗೇ 11×11 ಏಕೆ ಬೇಡ? 2012ರ ಅಲೆಕ್ಸ್‌ನೆಟ್‌ನಲ್ಲಿ ಇದ್ದದ್ದು ಅದೇ. ಮರುವರ್ಷ ಝೈಲರ್ ಮತ್ತು ಫರ್ಗಸ್ ಅದರ ಕರ್ನಲ್‌ಗಳನ್ನು ಚಿತ್ರಗಳಾಗಿ ಬಿಡಿಸಿ ನೋಡಿ, 7×7ಕ್ಕೆ ಇಳಿಸಿದರು. ಅವರ ವಿಧಾನ ನಮಗೂ ಉಪಯುಕ್ತ. ತರಬೇತಿ ಮುಗಿದ ಮೇಲೆ ಮೊದಲ ಪದರದ ಕರ್ನಲ್‌ಗಳನ್ನು ದೊಡ್ಡದು ಮಾಡಿ ನೋಡಬೇಕು. ಗೆರೆ, ಅಂಚು, ತಿರುವುಗಳ ಆಕಾರ ಕಂಡರೆ ಸರಿ. ಉಪ್ಪು–ಮೆಣಸು ಚೆಲ್ಲಿದಂತೆ ಕಂಡರೆ ಮಾದರಿಗಳು ಸಾಲದೆ ಕರ್ನಲ್ ಏನನ್ನೂ ಕಲಿತಿಲ್ಲ ಎಂದು ಸಂಶಯಪಡಬೇಕು. ಸುತ್ತಲಿನ ಸಂಖ್ಯೆಗಳು ಸೊನ್ನೆಯ ಬಳಿಯೇ ಉಳಿದಿದ್ದರೆ ಕಿಂಡಿ ಬೇಕಾದ್ದಕ್ಕಿಂತ ಅಗಲವಾಗಿದೆ.

ಮಾದರಿಗಳ ಕೊರತೆ ಕನ್ನಡಕ್ಕೆ ಹೊಸದಲ್ಲ. 2009ರಲ್ಲಿ ಬಂದ ಚಾರ್ಸ್74ಕೆ ಸಂಗ್ರಹದಲ್ಲಿ ಕೈಯಲ್ಲಿ ಬರೆದ ಕನ್ನಡದ 657 ರೂಪಗಳಿವೆ, ಆದರೆ ಪ್ರತಿಯೊಂದಕ್ಕೂ 25 ಮಾದರಿ ಮಾತ್ರ. ಹಾಗಾಗಿ ಚಿತ್ರಗಳನ್ನು ತುಸು ತಿರುಗಿಸಿ, ಗೆರೆಯ ದಪ್ಪ ಬದಲಿಸಿ ಮಾದರಿ ಹೆಚ್ಚಿಸಿಕೊಳ್ಳಬೇಕಾಗುತ್ತದೆ. ಗೆರೆ ದಪ್ಪ ಮಾಡುವಾಗ ಠ ಒಳಗಿನ ಚುಕ್ಕಿ ಸುತ್ತಲಿನ ಗೆರೆಗೆ ತಾಗದಂತೆ ನೋಡಿಕೊಳ್ಳಬೇಕು. ಒಬ್ಬರೇ ಬರೆದ ಅಕ್ಷರಗಳು ಕಲಿಕೆಯಲ್ಲೂ ಪರೀಕ್ಷೆಯಲ್ಲೂ ಇರಕೂಡದು. ಇದ್ದರೆ ಜಾಲ ಅವರ ಕೈಬರಹವನ್ನು ಗುರುತು ಹಿಡಿದು ಹೆಚ್ಚು ಅಂಕ ಗಳಿಸುತ್ತದೆ, ಹೊಸಬರ ಬರಹ ಬಂದ ದಿನ ಎಡವುತ್ತದೆ.

ಒಟ್ಟು ಶೇಕಡಾವಾರು ಅಂಕವನ್ನು ನಾನು ಹೆಚ್ಚು ನಂಬುವುದಿಲ್ಲ. 49 ಅಕ್ಷರಗಳಿಗೆ ಸಮ ಸಂಖ್ಯೆಯ ಮಾದರಿಗಳಿದ್ದು, ಬಂದ ಧಗಳನ್ನೆಲ್ಲ ಜಾಲ ದ ಎಂದೇ ಓದಿದರೂ ಅಂಕ ಇಳಿಯುವುದು ಬರೀ ಶೇಕಡಾ 2. ಯಾವ ಅಕ್ಷರ ಯಾವುದಾಗಿ ಕಂಡಿತು ಎಂಬ ಕೋಷ್ಟಕ ಹಾಕಿ, ದ–ಧ, ಪ–ಫ, ಪ–ಷ, ರ–ಠ ಜೋಡಿಗಳನ್ನು ಬೇರೆಬೇರೆಯಾಗಿ ಎಣಿಸಬೇಕು. 3×3 ಮತ್ತು 5×5 ನಡುವಿನ ಸ್ಪರ್ಧೆಯನ್ನು ತೀರ್ಮಾನಿಸಬೇಕಾದದ್ದು ಈ ಮನೆಗಳ ಸಂಖ್ಯೆ.

ಒತ್ತಕ್ಷರಗಳನ್ನು ಸೇರಿಸಿದಾಗ ಈ ಅಳತೆ ಕೆಡುತ್ತದೆ. ದ್ಧ ಬರೆದರೆ ಅಕ್ಷರ ಕೆಳಕ್ಕೆ ಬೆಳೆಯುತ್ತದೆ. ಅದನ್ನು ಅದೇ 64 ಪಿಕ್ಸೆಲ್ ಎತ್ತರದಲ್ಲಿ ಅಮುಕಿದರೆ ಸಣ್ಣದಾಗಿ ಬರೆದ ಒತ್ತಿನ ಸೀಳುಗೆರೆ ಮತ್ತೆ ಎರಡು ಪಿಕ್ಸೆಲ್‌ಗೆ ಕುಸಿಯುತ್ತದೆ. ಆಗ ಕರ್ನಲ್ ಮುಟ್ಟುವ ಮುನ್ನ ಚಿತ್ರದ ಎತ್ತರವನ್ನು 96ಕ್ಕೆ ಏರಿಸಿ, ಸೀಳುಗೆರೆಯನ್ನು ಮತ್ತೊಮ್ಮೆ ಅಳೆಯಬೇಕು.